ಸೂಟ್‌ಕೇಸ್ ಮೊದಲು ಸೋಲುವುದು ಚಕ್ರದ ಮೂಲೆಯಲ್ಲಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಯಂತ್ರಗಳ ಅಳವಡಿಕೆಯ ಕೆಲಸಕ್ಕಾಗಿ ನಾನು ಬೆಂಗಳೂರಿನಿಂದ ದೆಹಲಿಗೂ ಮುಂಬೈಗೂ ಹಲವು ವರ್ಷಗಳಿಂದ ವಿಮಾನದಲ್ಲಿ ಓಡಾಡುತ್ತಿದ್ದೇನೆ. ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳನ್ನು ಕ್ಯಾಬಿನ್‌ನೊಳಗೆ ಬಿಡುವುದಿಲ್ಲವಾದ್ದರಿಂದ ಪ್ರತಿ ಸಲವೂ ಒಂದು ಮಧ್ಯಮ ಗಾತ್ರದ ಸೂಟ್‌ಕೇಸನ್ನು ಚೆಕ್-ಇನ್ ಮಾಡಲೇಬೇಕು. ಈ ಅವಧಿಯಲ್ಲಿ ಒಂದು ಎಬಿಎಸ್ ಪ್ಲಾಸ್ಟಿಕ್ಕಿನ ಸೂಟ್‌ಕೇಸ್ ಹಾಳಾಗಿ ಮೂಲೆ ಸೇರಿದೆ. ಅದರ ನಂತರ ಕೊಂಡ ಪಾಲಿಕಾರ್ಬೊನೇಟ್ ಸೂಟ್‌ಕೇಸ್ ಇನ್ನೂ ಬಳಕೆಯಲ್ಲಿದೆ. ಮಾದರಿಗಳ ಹೆಸರು, ಬಣ್ಣಗಳು ಅಂಗಡಿಯಲ್ಲಿ ಮೇಲಿಂದ ಮೇಲೆ ಬದಲಾಗುತ್ತಿರುತ್ತವೆ. ಆದ್ದರಿಂದ ಬ್ರ್ಯಾಂಡ್‌ನ ಹೆಸರು ಹೇಳುವುದಕ್ಕಿಂತ, ಎರಡರ ರಚನೆಯಲ್ಲಿ ಏನು ವ್ಯತ್ಯಾಸವಿತ್ತು, ಯಾವುದು ಎಲ್ಲಿ ಸೋತಿತು ಎಂಬುದನ್ನು ಬರೆಯುವುದು ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ.

ಎಬಿಎಸ್ ಸೂಟ್‌ಕೇಸಿನ ದೊಡ್ಡ ಮುಖಗಳು ಕೊನೆಯವರೆಗೂ ಚೆನ್ನಾಗಿಯೇ ಇದ್ದವು. ಬಿರುಕು ಕಾಣಿಸಿಕೊಂಡದ್ದು ಕೆಳಗಿನ ಮೂಲೆಯಲ್ಲಿ, ಚಕ್ರದ ಗೂಡನ್ನು ಕವಚಕ್ಕೆ ಬಿಗಿದಿದ್ದ ರಿವೆಟ್‌ನ ರಂಧ್ರದ ಪಕ್ಕದಲ್ಲಿ. ಮೊದಲು ಅಲ್ಲಿ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಯೊಂದು ಮೂಡಿತು. ಎಬಿಎಸ್ ಬಾಗಿದ ಜಾಗದಲ್ಲಿ ಬಿರುಕು ಬಿಡುವ ಮೊದಲು ಹೀಗೆ ಬೆಳ್ಳಗಾಗುತ್ತದೆ. ಗಾಢ ಬಣ್ಣದ ಸೂಟ್‌ಕೇಸಿನಲ್ಲಿ ಇದು ಸ್ಪಷ್ಟವಾಗಿಯೇ ಕಾಣುತ್ತದೆ. ಕೆಲವು ಪ್ರಯಾಣಗಳ ನಂತರ ಆ ಗೆರೆ ಸೀಳಾಗಿ, ಚಕ್ರ ಒಳಮುಖವಾಗಿ ವಾಲಿತು. ಶಿವಾಜಿನಗರದ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದಾಗ ಅಲ್ಲಿಯವರು ಅದನ್ನು ತಿರುಗಿಸಿ ನೋಡಿ, "ಚಕ್ರ ಬೇಕಾದಷ್ಟು ಇದೆ ಸರ್, ಆದ್ರೆ ಅದನ್ನ ಕೂರಿಸೋಕೆ ಜಾಗಾನೇ ಉಳಿದಿಲ್ಲ" ಎಂದರು. ಅವರ ಮಾತು ನಿಜವಾಗಿತ್ತು. ಒಡೆದ ಕವಚಕ್ಕೆ ಹೊಸ ರಿವೆಟ್ ಹೊಡೆದರೆ ಬಿರುಕು ಇನ್ನಷ್ಟು ಉದ್ದವಾಗುತ್ತಿತ್ತೇ ಹೊರತು ಚಕ್ರ ನಿಲ್ಲುತ್ತಿರಲಿಲ್ಲ.

ಮೂಲೆಯೇ ಏಕೆ ಮೊದಲು ಸೋಲುತ್ತದೆ ಎಂಬುದಕ್ಕೆ ಉತ್ತರ ಸೂಟ್‌ಕೇಸ್ ತಯಾರಾಗುವ ಬಗೆಯಲ್ಲಿದೆ. ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಕವಚಗಳನ್ನು ಸಾಮಾನ್ಯವಾಗಿ ಒಂದೇ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಮೆತ್ತಗಾದಾಗ ಅಚ್ಚಿನ ಮೇಲೆಳೆದು, ನಿರ್ವಾತದ ಬಲದಿಂದ ಅದಕ್ಕೆ ಅಂಟಿಸಿ ರೂಪಿಸುತ್ತಾರೆ. ಹಪ್ಪಳದ ಹಿಟ್ಟನ್ನು ಎಳೆದಾಗ ಎಳೆದ ಕಡೆ ತೆಳುವಾಗುವಂತೆ, ಈ ಹಾಳೆಯೂ ಹೆಚ್ಚು ಹಿಗ್ಗಬೇಕಾದ ಮೂಲೆಗಳಲ್ಲಿಯೇ ಅತ್ಯಂತ ತೆಳುವಾಗುತ್ತದೆ. ಹೀಗೆ ಕವಚದ ಅತಿ ತೆಳುವಾದ ಭಾಗದಲ್ಲಿಯೇ ಚಕ್ರಕ್ಕಾಗಿ ರಂಧ್ರ ಕೊರೆಯಲಾಗುತ್ತದೆ, ಮತ್ತು ಬ್ಯಾಗೇಜ್ ಬೆಲ್ಟ್‌ನಿಂದ ಟ್ರಾಲಿಗೆ, ಟ್ರಾಲಿಯಿಂದ ವಿಮಾನದ ಹೊಟ್ಟೆಗೆ ಎಸೆದಾಗಲೆಲ್ಲ ಪೆಟ್ಟು ಬೀಳುವುದೂ ಅಲ್ಲಿಗೇ.

ಪಾಲಿಕಾರ್ಬೊನೇಟ್ ಈ ಪೆಟ್ಟನ್ನು ಎಬಿಎಸ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಏಕೆಂದರೆ ಅದು ಒಳಗೆ ಬಾಗಿ ಮತ್ತೆ ಹೊರಗೆ ಬರುತ್ತದೆ. ನನ್ನ ಈಗಿನ ಸೂಟ್‌ಕೇಸ್ ಒಮ್ಮೆ ದೆಹಲಿಯ ಬೆಲ್ಟ್ ಮೇಲೆ ಒಂದು ಬದಿ ತಗ್ಗಿದ ಸ್ಥಿತಿಯಲ್ಲಿ ಬಂದಿತ್ತು. ಒಳಗಿನಿಂದ ಅಂಗೈಯಲ್ಲಿ ಒತ್ತಿದಾಗ ತಗ್ಗು ಹೊರಬಂತು, ಗುರುತೂ ಉಳಿಯಲಿಲ್ಲ. ಆದರೆ ಗೀರುಗಳು ಅದರ ಮೇಲೆ ಬೇಗ ಬೀಳುತ್ತವೆ, ಹೊಳಪಿನ ಮೇಲ್ಮೈಯಾದರೆ ಇನ್ನೂ ಎದ್ದು ಕಾಣುತ್ತವೆ. ಅದಕ್ಕಾಗಿ ಒರಟು ಮೇಲ್ಮೈಯ ಕವಚವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ವಿಮಾನ ಸಂಸ್ಥೆಯ ಸ್ಟಿಕ್ಕರ್‌ನ ಅಂಟನ್ನು ತೆಗೆಯಲು ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣವನ್ನು ಬಳಸಲೇಬಾರದು. ಅವು ಪಾಲಿಕಾರ್ಬೊನೇಟ್‌ನಲ್ಲಿ ಸೂಕ್ಷ್ಮ ಬಿರುಕುಗಳನ್ನು ಉಂಟುಮಾಡುತ್ತವೆ. ಉಗುರುಬೆಚ್ಚಗಿನ ಸಾಬೂನು ನೀರು ಸಾಕು.

ಕೊಳ್ಳುವಾಗ ಲೇಬಲ್ಲಿನ ಮೇಲೆ 'ಎಬಿಎಸ್ ಪ್ಲಸ್ ಪಿಸಿ' ಎಂದಿದ್ದರೆ ಅದನ್ನು ಪಾಲಿಕಾರ್ಬೊನೇಟ್ ಎಂದು ಭಾವಿಸಬಾರದು. ಅಂಥವುಗಳಲ್ಲಿ ಅನೇಕವು ಎಬಿಎಸ್ ಹಾಳೆಯ ಮೇಲೆ ಪಾಲಿಕಾರ್ಬೊನೇಟ್‌ನ ತೆಳುಪದರ ಹೊದಿಸಿದವಾಗಿರುತ್ತವೆ. ಹೊಳಪು ಪಿಸಿಯದ್ದು, ಒಡೆಯುವ ಗುಣ ಎಬಿಎಸ್‌ನದ್ದು. ಪಾಲಿಪ್ರೊಪಿಲೀನ್ ಮಾತ್ರ ಬೇರೆಯೇ ದಾರಿ. ಮೂರರಲ್ಲಿ ಅದೇ ಅತಿ ಹಗುರವಾದ ಪ್ಲಾಸ್ಟಿಕ್. ಅದನ್ನು ಹೆಚ್ಚಾಗಿ ಕರಗಿಸಿ ಅಚ್ಚಿಗೆ ತುಂಬಿ ಎರಕ ಹೊಯ್ಯುವುದರಿಂದ ಮೂಲೆಯನ್ನು ಬೇಕಾದಷ್ಟು ದಪ್ಪವಾಗಿ ಮಾಡಲು ಅವಕಾಶವಿದೆ. ಮತ್ತೆ ಮತ್ತೆ ಬಾಗಿದರೂ ಅದು ಸುಲಭಕ್ಕೆ ಸೀಳುವುದಿಲ್ಲ. ಬಟ್ಟೆಬರೆ ಮಾತ್ರ ಒಯ್ಯುವವರಿಗೆ, ಬೆಲೆಯ ದೃಷ್ಟಿಯಿಂದಲೂ, ನಾನು ಸೂಚಿಸುವುದು ಇದನ್ನೇ. ನನ್ನಂತೆ ಉಪಕರಣಗಳ ಭಾರ ಒಂದೇ ಕಡೆ ಕೂರುವವರಿಗೆ ಅದರ ಅಗಲವಾದ ಮುಖ ಸ್ವಲ್ಪ ಮೆತ್ತಗೆನಿಸಬಹುದು.

ಚಕ್ರಗಳ ವಿಷಯದಲ್ಲಿ ಎಲ್ಲರೂ ಕೇಳುವುದು ಎರಡೋ ನಾಲ್ಕೋ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಚಕ್ರವನ್ನು ಸ್ಕ್ರೂನಿಂದ ಬಿಗಿದಿದ್ದಾರೋ ರಿವೆಟ್‌ನಿಂದಲೋ ಎಂಬುದನ್ನು. ಅನೇಕ ಸೂಟ್‌ಕೇಸ್‌ಗಳ ಒಳಬಟ್ಟೆಗೇ ಒಂದು ಜಿಪ್ ಇರುತ್ತದೆ. ಅದನ್ನು ತೆರೆದು ಮೂಲೆಯ ಒಳಭಾಗವನ್ನು ಅಂಗಡಿಯಲ್ಲೇ ನೋಡಬಹುದು. ಸ್ಕ್ರೂ ತಲೆಗಳು ಕಂಡರೆ, ಅವುಗಳ ಕೆಳಗೆ ಭಾರವನ್ನು ಹರಡಲು ಒಂದು ಪ್ಲಾಸ್ಟಿಕ್ ಅಥವಾ ಲೋಹದ ಪಟ್ಟಿಯೂ ಇದ್ದರೆ, ಆ ಸೂಟ್‌ಕೇಸ್ ಮೇಲೆ ನಂಬಿಕೆ ಇಡಬಹುದು. ನನ್ನ ಎಬಿಎಸ್ ಸೂಟ್‌ಕೇಸಿನಲ್ಲಿ ರಿವೆಟ್‌ಗಳು ನೇರವಾಗಿ ಕವಚವನ್ನೇ ಕಚ್ಚಿದ್ದವು. ಈಗಿನದರಲ್ಲಿ ಪಟ್ಟಿಯಿದೆ, ಸವೆದ ಒಂದು ಚಕ್ರವನ್ನು ಸ್ಕ್ರೂ ಬಿಚ್ಚಿ ಮನೆಯಲ್ಲೇ ಬದಲಾಯಿಸಿಕೊಂಡಿದ್ದೇನೆ.

ಎರಡು ಚಕ್ರದ ಸೂಟ್‌ಕೇಸಿನಲ್ಲಿ ಚಕ್ರಗಳು ಅರ್ಧದಷ್ಟು ಕವಚದೊಳಗೆ ಹುದುಗಿರುತ್ತವೆ, ಆದ್ದರಿಂದ ಎಸೆತದ ಪೆಟ್ಟು ಅವಕ್ಕೆ ಕಡಿಮೆ. ಬೆಂಗಳೂರಿನ ಕಲ್ಲು ಎದ್ದ ಫುಟ್‌ಪಾತ್‌ನಲ್ಲಿ ಎಳೆದುಕೊಂಡು ಹೋಗಲು ಅದೇ ಮೇಲು. ಎಲ್ಲ ದಿಕ್ಕಿಗೂ ತಿರುಗುವ ನಾಲ್ಕು ಚಕ್ರದ್ದು ವಿಮಾನ ನಿಲ್ದಾಣದ ನುಣುಪು ನೆಲದಲ್ಲಿ ತೋಳಿಗೂ ಬೆನ್ನಿಗೂ ದೊಡ್ಡ ಉಪಕಾರ. ಆದರೆ ವಾಯು ವಜ್ರ ಬಸ್ಸಿನಲ್ಲಿ ಅದನ್ನು ನಿಲ್ಲಿಸಿದರೆ ತಿರುವಿನಲ್ಲಿ ತಾನೇ ಹೊರಟುಬಿಡುತ್ತದೆ, ಮಲಗಿಸಿಯೇ ಇಡಬೇಕು. ನಾಲ್ಕು ಚಕ್ರದ್ದನ್ನು ಕೊಳ್ಳುವುದಾದರೆ ಪ್ರತಿ ಮೂಲೆಯಲ್ಲಿ ಜೋಡಿ ಚಕ್ರಗಳಿರುವುದನ್ನು ಆರಿಸಿ, ತಲೆಕೆಳಗಾಗಿಸಿ ಒಂದೊಂದನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಚಕ್ರವನ್ನು ಹಿಡಿದು ಅಲುಗಾಡಿಸಿದಾಗ ಅದರ ಕಾಲು ಹೊಸದರಲ್ಲಿಯೇ ಕಟಕಟ ಎನ್ನುತ್ತಿದ್ದರೆ ಬಿಡಿ. ಬಳಕೆಯಲ್ಲಿ ಚಕ್ರ ಬಿಗಿಯಾದರೆ ಕಾರಣ ಬಹುಪಾಲು ಇರುಸಿಗೆ ಸುತ್ತಿಕೊಂಡ ಕೂದಲು ಮತ್ತು ನೂಲು. ಅದನ್ನು ತೆಗೆಯದೆ ಎಳೆದರೆ ಚಕ್ರ ಉರುಳದೆ ಉಜ್ಜಿ, ಒಂದು ಬದಿ ಚಪ್ಪಟೆಯಾಗುತ್ತದೆ. ನನ್ನ ಬದಲಾಯಿಸಿದ ಚಕ್ರ ಹಾಳಾದದ್ದು ಹೀಗೆಯೇ.

ಜಿಪ್‌ನಲ್ಲಿ ಹಲ್ಲುಗಳಿಗಿಂತ ಮೊದಲು ಸವೆಯುವುದು ರನ್ನರ್. ಅದರ ಬಾಯಿ ಸ್ವಲ್ಪವೇ ಅಗಲವಾದರೂ ಎರಡು ಬದಿಯ ಹಲ್ಲುಗಳನ್ನು ಒತ್ತಿ ಸೇರಿಸುವ ಬಲ ಕಡಿಮೆಯಾಗಿ, ರನ್ನರ್ ಮುಂದೆ ಹೋದಂತೆ ಹಿಂದೆ ಜಿಪ್ ಬಾಯಿ ಬಿಡುತ್ತದೆ. ಆಗ ಇಕ್ಕಳದಿಂದ ರನ್ನರ್‌ನ ಎರಡೂ ಪಕ್ಕವನ್ನು ಮೆಲ್ಲಗೆ ಒತ್ತಿದರೆ ಕೆಲವು ಕಾಲ ನಡೆಯುತ್ತದೆ. ನಂತರ ಹೊಸ ರನ್ನರ್ ಹಾಕಿಸಿದರೆ ಸಾಕು, ಇಡೀ ಜಿಪ್ ಬದಲಾಯಿಸಬೇಕಿಲ್ಲ. ರನ್ನರ್‌ನ ಹಿಂಬದಿಯಲ್ಲಿ ಅನೇಕ ಬಾರಿ 5, 8, 10 ಎಂಬಂಥ ಅಂಕಿ ಮೂಡಿಸಿರುತ್ತಾರೆ. ಅದು ಮುಚ್ಚಿದ ಹಲ್ಲುಸಾಲಿನ ಅಗಲವನ್ನು ಮಿಲಿಮೀಟರ್‌ನಲ್ಲಿ ಸುಮಾರಾಗಿ ಸೂಚಿಸುತ್ತದೆ. ಚೆಕ್-ಇನ್ ಸೂಟ್‌ಕೇಸಿನ ಮುಖ್ಯ ಜಿಪ್‌ಗೆ 8 ಕನಿಷ್ಠ, 10 ಇದ್ದರೆ ನೆಮ್ಮದಿ. 5 ಒಳಗಿನ ಜೇಬುಗಳಿಗೆ ಸರಿಹೋಗುತ್ತದೆ.

ಬೀಗದ ಬಗ್ಗೆ ಒಂದು ಮಾತು. ಸುರುಳಿ ಹಲ್ಲಿನ ಸಾಮಾನ್ಯ ಜಿಪ್‌ನ ನಡುವೆ ಬಾಲ್‌ಪೆನ್ನಿನ ಮೊನೆಯನ್ನು ಒತ್ತಿದರೆ ಹಲ್ಲುಗಳು ಬಿಟ್ಟುಕೊಳ್ಳುತ್ತವೆ. ಬೀಗ ಹಾಕಿದ ರನ್ನರ್‌ಗಳನ್ನೇ ಒಂದು ಸುತ್ತು ಎಳೆದರೆ ಜಿಪ್ ಮತ್ತೆ ಮುಚ್ಚಿಕೊಳ್ಳುವುದರಿಂದ ತೆರೆದದ್ದರ ಗುರುತೂ ಸಿಗುವುದಿಲ್ಲ. ಬೆಲೆಬಾಳುವ ವಸ್ತುಗಳನ್ನು ಚೆಕ್-ಇನ್ ಮಾಡಬಾರದೆನ್ನಲು ಇದೊಂದೇ ಕಾರಣ ಸಾಕು. ಒಂದರ ಮೇಲೊಂದು ಎರಡು ಸಾಲು ಹಲ್ಲುಗಳಿರುವ ಜಿಪ್ ಇದನ್ನು ಬಹಳಮಟ್ಟಿಗೆ ತಡೆಯುತ್ತದೆ; ನನ್ನ ಈಗಿನದರಲ್ಲಿರುವುದು ಅದೇ.

ಇನ್ನು ತೂಕ. ದೇಶದೊಳಗಿನ ಇಕಾನಮಿ ಪ್ರಯಾಣದಲ್ಲಿ ಸಾಮಾನ್ಯವಾಗಿ ಕ್ಯಾಬಿನ್‌ಗೆ 7 ಕಿಲೋ, ಚೆಕ್-ಇನ್‌ಗೆ 15 ಕಿಲೋ ಮಿತಿ. ಕ್ಯಾಬಿನ್ ಸೂಟ್‌ಕೇಸೇ 3.2 ಕಿಲೋ ಇದ್ದರೆ ಸಾಮಾನಿಗೆ ಉಳಿಯುವುದು 3.8 ಕಿಲೋ, ಲ್ಯಾಪ್‌ಟಾಪ್ ಮತ್ತು ಚಾರ್ಜರ್ 2 ಕಿಲೋ ತೆಗೆದುಕೊಂಡರೆ ಬಟ್ಟೆಗೆ ಸಿಗುವುದು 1.8. ಅದೇ 2.3 ಕಿಲೋ ಸೂಟ್‌ಕೇಸಾದರೆ ಬಟ್ಟೆಯ ಪಾಲು 2.7 ಕಿಲೋ, ಅಂದರೆ ಒಂದೂವರೆ ಪಟ್ಟು. ಹೀಗಾಗಿ ಕ್ಯಾಬಿನ್‌ಗೆ ಕೊಳ್ಳುವವರು ತೂಕವನ್ನೇ ಮೊದಲು ನೋಡಬೇಕು. ಕೈಯಲ್ಲೇ ಇರುವ ಪೆಟ್ಟಿಗೆಯಾದ್ದರಿಂದ ಹಗುರವಾದ ಎಬಿಎಸ್ ಕೂಡ ಅಲ್ಲಿ ಬಾಳುತ್ತದೆ. ಅನೇಕ ವಿಮಾನ ಸಂಸ್ಥೆಗಳು ಹೇಳುವ 55 ಸೆಂಟಿಮೀಟರ್ ಎತ್ತರದಲ್ಲಿ ಚಕ್ರ ಮತ್ತು ಹಿಡಿಕೆಯೂ ಸೇರುತ್ತವೆ. ಹೊರಚಾಚಿದ ನಾಲ್ಕು ಚಕ್ರಗಳು ಒಳಗಿನ ಜಾಗದಿಂದಲೇ ಆ ಸೆಂಟಿಮೀಟರ್‌ಗಳನ್ನು ಕಳೆಯುತ್ತವೆ.

ಚೆಕ್-ಇನ್ ಸೂಟ್‌ಕೇಸ್‌ಗೆ ನನ್ನ ಲೆಕ್ಕ ಇದಕ್ಕೆ ವಿರುದ್ಧ. ಈಗಿನದು 4 ಕಿಲೋ ತೂಗುತ್ತದೆ. ಉಪಕರಣಗಳಿಗೆ 6 ಕಿಲೋ, ಸುರಕ್ಷತಾ ಬೂಟಿಗೆ 1.5 ಕಿಲೋ ಹೋದರೆ ಬಟ್ಟೆಗೆ 3.5 ಕಿಲೋ ಉಳಿಯುತ್ತದೆ, ಅದು ಸಾಕಾಗುತ್ತದೆ. ಇದೇ ಗಾತ್ರದ, ಮುಕ್ಕಾಲು ಕಿಲೋ ಹಗುರವಾದ ಎಬಿಎಸ್ ಸೂಟ್‌ಕೇಸೊಂದನ್ನು ಅಂಗಡಿಯಲ್ಲಿ ಎತ್ತಿ ನೋಡಿದಾಗ ಅದರ ಮೂಲೆ ಹೆಬ್ಬೆರಳಿಗೇ ಒಳಗೆ ಸರಿಯಿತು. ಆ ತೂಕ ಉಳಿದದ್ದು ಹಾಳೆಯ ದಪ್ಪದಿಂದಲೇ. ಹಿಗ್ಗಿಸುವ ಹೆಚ್ಚುವರಿ ಜಿಪ್ ಕೂಡ ತೂಕವನ್ನು ಕೂಡಿಸುತ್ತದೆ, ಅದನ್ನು ಬಿಚ್ಚಿದಾಗ ನಡುವಿನ ಬಟ್ಟೆಗೆ ನೇರವಾಗಿ ಪೆಟ್ಟು ಬೀಳುತ್ತದೆ. ಪದೇಪದೇ ಹಾರುವವರಿಗೆ ಅದು ಬೇಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ವಾರಂಟಿ ಪತ್ರವನ್ನು ಕೊಳ್ಳುವ ಮೊದಲೇ ಓದಿ. ವರ್ಷಗಳ ಸಂಖ್ಯೆ ದೊಡ್ಡದಿದ್ದರೂ ಅದು ಹೆಚ್ಚಾಗಿ ತಯಾರಿಕೆಯ ದೋಷಕ್ಕಷ್ಟೇ ಅನ್ವಯಿಸುತ್ತದೆ, ಸಾಗಣೆಯಲ್ಲಾದ ಹಾನಿಗಲ್ಲ. ಆ ಹಾನಿಯನ್ನು ವಿಮಾನ ಸಂಸ್ಥೆಯ ಬಳಿಯೇ ಕೇಳಬೇಕು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಾಮಾನು ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕಾಗುತ್ತದೆ. ಎಲ್ಲಿಗೆ ಹೋಗಿದ್ದರೂ ಬೆಲ್ಟ್ ಇರುವ ಹಾಲ್‌ನಿಂದ ಹೊರಬರುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಹಾನಿಯನ್ನು ಬರೆಸಿ ಅದರ ಪ್ರತಿ ಪಡೆದುಕೊಳ್ಳುವುದು ಕ್ಷೇಮ. ಸವೆತವೆಂದು ಹೇಳಿ ಚಕ್ರದ ದೂರನ್ನು ತಳ್ಳಿಹಾಕುವುದು ಸಾಮಾನ್ಯವಾದ್ದರಿಂದ, ಸೂಟ್‌ಕೇಸನ್ನು ಒಪ್ಪಿಸುವ ಮುನ್ನ ಕೌಂಟರಿನ ಎದುರೇ ನಾಲ್ಕೂ ಚಕ್ರದ ಮೂಲೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸವೆದ ಚಕ್ರಕ್ಕೂ ಮುರಿದ ಗೂಡಿಗೂ ಇರುವ ವ್ಯತ್ಯಾಸವನ್ನು ಅಧಿಕಾರಿಗೆ ತೋರಿಸಲು ಆ ಫೋಟೊ ಬೇಕಾಗುತ್ತದೆ.