ಕಾಪುವಿನ ಕಡಲೋ, ಮೂಡಿಗೆರೆಯ ತೋಟವೋ, ಬೇಕಲವೋ?

ಮೇಡಂ,

ಮೊನ್ನೆ ಫೋನಿನಲ್ಲಿ ನೀವು ಲೆಕ್ಕ ಹೇಳಿದಿರಿ. 42 ಜನ, ಡಿಸೆಂಬರ್ ಎರಡನೇ ವಾರ, ಒಂದು ರಾತ್ರಿ, ಮಧ್ಯೆ ಐದು ಗಂಟೆಯಷ್ಟು ಮೀಟಿಂಗ್. ಕಡಲ ಬದಿಗೆ ಹೋಗುವುದಾ, ಘಟ್ಟದ ಮೇಲಾ ಎಂದು ಕೇಳಿದಿರಿ. ಫೋಟೊ ಕಳಿಸಿದರೆ ಎರಡೂ ಚಂದವೇ ಕಾಣುತ್ತದೆ. ಹಾಗಾಗಿ ಫೋಟೊ ಬಿಡಿ. ಹೆಚ್ಚುಕಮ್ಮಿ ಇಷ್ಟೇ ಜನರ ಮೂರು ತಂಡಗಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿ ಏನೇನಾಯಿತು ಅಂತ ಬರೆಯುತ್ತೇನೆ.

ಮೊದಲು ಕಾಪು ಕಡೆಯ ರೆಸಾರ್ಟ್. ಮಂಗಳೂರಿನಿಂದ ಸುಮಾರು 45 ಕಿಲೋಮೀಟರ್, ಹೈವೇ ಬದಿಯಲ್ಲೇ. ಬೆಳಿಗ್ಗೆ ಎಂಟಕ್ಕೆ ಹೊರಟು ಒಂಬತ್ತೂಕಾಲಿಗೆ ತಿಂಡಿಗೆ ಕೂತಿದ್ದೆವು. ಹತ್ತಕ್ಕೆ ಮೀಟಿಂಗ್ ಶುರು. ಎಸಿ ಹಾಲ್, ಒಳ್ಳೆ ಪ್ರೊಜೆಕ್ಟರ್, ಕರೆಂಟ್ ಹೋದರೆ ಜನರೇಟರ್. ಸಂಜೆ ಕಡಲು, ಲೈಟ್‌ಹೌಸ್. ಇದಕ್ಕಿಂತ ಸಲೀಸಾದ ಜಾಗ ಬೇಕಾ ಅಂತ ಅನಿಸಿತ್ತು.

ರಾತ್ರಿ ಊಟ ಆದ ಮೇಲೆ ಒಬ್ಬರು ಬಂದು, "ನಮ್ಮ ಮನೆ ಇಲ್ಲೇ ಕಟಪಾಡಿ, ಹೋಗಿ ಮಲಗಿ ಬೆಳಿಗ್ಗೆ ಬರ್ತೇನೆ, ಅಡ್ಡಿ ಇಲ್ವಾ?" ಅಂದರು. ಬೇಡ ಎನ್ನುವುದು ಹೇಗೆ? ಅವರ ಹಿಂದೆ ಉಡುಪಿಯವರು, ಪಡುಬಿದ್ರಿಯವರು, ಕೊನೆಗೆ ಸುರತ್ಕಲ್‌ನವರೂ ಹೊರಟರು. ಹನ್ನೊಂದು ಗಂಟೆಗೆ ಎಣಿಸಿದರೆ 38ರಲ್ಲಿ ಉಳಿದದ್ದು 29. ಹೋದ ಒಂಬತ್ತು ಜನರ ರೂಮಿಗೂ ದುಡ್ಡು ಕೊಟ್ಟಾಗಿತ್ತು. ಅದಾದರೂ ಹೋಗಲಿ. ಬೆಳಿಗ್ಗೆ ಒಂಬತ್ತೂವರೆಯ ಸೆಷನ್ ಹತ್ತೂ ನಲವತ್ತಕ್ಕೆ ಶುರುವಾಯಿತು. ಮನೆಗೆ ಹೋದವರು ಮಗುವನ್ನು ಶಾಲೆಗೆ ಬಿಟ್ಟು, ಅಮ್ಮನಿಗೆ ಮೀನು ತಂದುಕೊಟ್ಟು ನಿಧಾನಕ್ಕೆ ಬಂದರು. ತಪ್ಪು ಅವರದ್ದಲ್ಲ. ಮನೆ ಅಷ್ಟು ಹತ್ತಿರ ಇದ್ದರೆ ನಾನೂ ಹೋಗುತ್ತಿದ್ದೆ.

ಇನ್ನೊಂದು ತೊಂದರೆ ಮದುವೆಯದ್ದು. ಆ ಸಂಜೆ ಪಕ್ಕದ ಲಾನಿನಲ್ಲಿ ಮೆಹಂದಿ ಇತ್ತು. ಡಿಜೆಯವನು ಐದು ಗಂಟೆಗೇ ಸೌಂಡ್ ಚೆಕ್ ಶುರುಮಾಡಿದ. ನಿಮ್ಮಂಥದ್ದೇ ಒಂದು ಕಂಪನಿಯ ದೊಡ್ಡ ಸಾಹೇಬರು ಬಜೆಟ್ ಬಗ್ಗೆ ಮಾತಾಡುತ್ತಿದ್ದರೆ ಗೋಡೆಯಾಚೆ ಢಂ ಢಂ! ಬುಕ್ ಮಾಡುವಾಗ "ಹಾಲ್ ಖಾಲಿ ಉಂಟಾ" ಅಂತ ಮಾತ್ರ ಕೇಳಿದ್ದೆ. "ಅವತ್ತು ಬೇರೆ ಫಂಕ್ಷನ್ ಉಂಟಾ" ಅಂತ ಕೇಳಿರಲಿಲ್ಲ. ಈಗ ಎರಡನ್ನೂ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ತರಿಸಿಕೊಳ್ಳುತ್ತೇನೆ.

ಮೂಡಿಗೆರೆ ಕಡೆಯ ಹೋಂಸ್ಟೇ ಇದಕ್ಕೆ ಪೂರ್ತಿ ಉಲ್ಟಾ. 40 ಜನ, 49 ಸೀಟಿನ ಬಸ್. ಬೆಳಿಗ್ಗೆ ಆರಕ್ಕೆ ಕದ್ರಿಯಿಂದ ಬಿಟ್ಟೆವು. ಉಜಿರೆಯಲ್ಲಿ ತಿಂಡಿಗೆ ನಿಲ್ಲಿಸಿದ್ದು ಏಳೂ ನಲವತ್ತಕ್ಕೆ, ಹೊರಟಾಗ ಎಂಟೂ ಮೂವತ್ತೈದು. ನಲವತ್ತು ಜನ ಒಟ್ಟಿಗೆ ಹೋಟೆಲಿಗೆ ನುಗ್ಗಿದರೆ ಅದಕ್ಕಿಂತ ಬೇಗ ಏಳುವುದಿಲ್ಲ. ಚಾರ್ಮಾಡಿ ಹತ್ತುವಾಗ ಇಬ್ಬರಿಗೆ ವಾಂತಿ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಮುಖ ತೊಳೆಸಿದೆವು. ಮಾತ್ರೆ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಅದನ್ನು ಘಟ್ಟ ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಬೇಕು, ಅಂದರೆ ಉಜಿರೆಯಲ್ಲೇ. ನಾನು ಮರೆತಿದ್ದೆ.

ಕೊಟ್ಟಿಗೆಹಾರ ದಾಟಿ ತೋಟದ ದಾರಿ ಸಿಕ್ಕಾಗ ಹತ್ತೂವರೆ. ಅಲ್ಲಿಂದ ಮೂರು ಕಿಲೋಮೀಟರ್ ಮಣ್ಣಿನ ರಸ್ತೆ. ಡ್ರೈವರ್ ಇಳಿದು ಒಂದು ತಿರುವು ನೋಡಿ ಬಂದು, "ಇದು ಹೋಗ್ಲಿಕ್ಕಿಲ್ಲ" ಅಂದ. ಹೋಂಸ್ಟೇಯವರ ಎರಡು ಜೀಪು, ತಲಾ ಎಂಟು ಜನ. ಮೂರು ಟ್ರಿಪ್ ಆಯಿತು, ಒಂದೊಂದಕ್ಕೆ ಹೋಗಿ ಬರಲು 25 ನಿಮಿಷ. ಕೊನೆಯವರು ಮುಟ್ಟುವಾಗ ಹನ್ನೊಂದೂ ಮುಕ್ಕಾಲು. ಮೀಟಿಂಗ್ ಶುರುವಾದದ್ದು ಹನ್ನೆರಡೂಕಾಲಿಗೆ, ಒಂದೂವರೆಗೆ ಊಟ. ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಬಿಸಿಲಿಗೆ ಪರದೆ ಮೇಲೆ ಏನೂ ಕಾಣಲಿಲ್ಲ. ಐದು ಗಂಟೆಯ ಮೀಟಿಂಗ್ ಅಂದುಕೊಂಡಲ್ಲಿ ಮೂರು ಗಂಟೆಯೂ ಸಿಗಲಿಲ್ಲ.

ರಾತ್ರಿ ಮಾತ್ರ ಬೇರೆಯೇ ಕಥೆ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ, ಹೋಗಲಿಕ್ಕೆ ಜಾಗ ಇಲ್ಲ. ಚಳಿಗೆ ಎಲ್ಲರೂ ಬೆಂಕಿಯ ಸುತ್ತ. ಅಕೌಂಟ್ಸ್‌ನ ಒಬ್ಬರು ಎರಡು ವರ್ಷದಿಂದ ಮೇಲ್ ಮಾತ್ರ ಕಳಿಸುತ್ತಿದ್ದ ಗೋಡೌನ್ ಹುಡುಗನ ಪಕ್ಕ ಕೂತು ಹನ್ನೆರಡರವರೆಗೆ ಮಾತಾಡಿದರು. ಕಾಪುವಿನಲ್ಲಿ ಇದು ಆಗಿರಲಿಲ್ಲ. ಬೆಳಿಗ್ಗೆ ಮಾತ್ರ ಎಂಟು ಬಾತ್‌ರೂಮಿಗೆ ಹಂಡೆಯ ಬಿಸಿನೀರು, ದೊಡ್ಡ ಕ್ಯೂ. ಒಂದು ರೂಮಿನಲ್ಲಿ ಐದೈದು ಜನ ಮಲಗಬೇಕು ಅಂತ ಮೊದಲೇ ಹೇಳಿರದಿದ್ದರೆ ಜಗಳವೇ ಆಗುತ್ತಿತ್ತು. ಹೆಂಗಸರ ಸಂಖ್ಯೆ ನನಗೆ ಬೇರೆಯಾಗಿ ಬೇಕು ಅನ್ನುವುದು ಇದಕ್ಕೇ.

ಮೂರನೆಯದು ಬೇಕಲ. ನೀವು ಇದನ್ನು ಕೇಳಿರಲಿಲ್ಲ, ಆದರೂ ಹೇಳುತ್ತೇನೆ. ಮಂಗಳೂರಿನಿಂದ ದಕ್ಷಿಣಕ್ಕೆ 65-70 ಕಿಲೋಮೀಟರ್, ಘಟ್ಟ ಇಲ್ಲ. ಏಳೂವರೆಗೆ ಹೊರಟು ಮಧ್ಯೆ ಚಾ ಕುಡಿದು ಒಂಬತ್ತೂ ನಲವತ್ತಕ್ಕೆ ಮುಟ್ಟಿದೆವು. ಹತ್ತೂಕಾಲಿಗೆ ಮೀಟಿಂಗ್. ಮನೆಗೆ ಹೋಗುತ್ತೇನೆ ಅಂತ ಯಾರೂ ಏಳಲಿಲ್ಲ. ಅಷ್ಟು ದೂರ, ಅದೂ ರಾತ್ರಿ, ಯಾರಿಗೆ ಬೇಕು? ಊಟವೂ ನಮ್ಮವರಿಗೆ ಹೊಸದಲ್ಲ, ಕುಚ್ಚಲಕ್ಕಿ, ಮೀನು. ಆದರೆ ಕಾಪುವಿಗಿಂತ ದುಬಾರಿ, ಸಂಜೆಗೆ ಕೋಟೆ ಬಿಟ್ಟರೆ ಬೇರೆ ಜಾಸ್ತಿ ಏನೂ ಇಲ್ಲ.

ತಲಪಾಡಿಯ ಗಡಿ ದಾಟಿ ಕೇರಳಕ್ಕೆ ಹೋದ ಮೇಲೆ ಎರಡು ಖರ್ಚು ಬದಲಾಗುತ್ತದೆ. ಒಂದು ಬಸ್ಸು. ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ಕೇಳಿ. ಕರ್ನಾಟಕಕ್ಕೆ ಮಾತ್ರ ಪರ್ಮಿಟ್ ಇರುವ ಬಸ್ಸಾದರೆ ಸ್ಪೆಷಲ್ ಪರ್ಮಿಟ್ ಮಾಡಿಸಬೇಕು, ಅದರ ದುಡ್ಡು ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ.

ಎರಡನೆಯದು ಜಿಎಸ್‌ಟಿ. ಹೋಟೆಲ್, ಹಾಲ್ ಯಾವ ರಾಜ್ಯದಲ್ಲಿದೆಯೋ ತೆರಿಗೆಯೂ ಆ ರಾಜ್ಯದ್ದೇ. ಹಾಲಿಗೆ 40,000 ಬಾಡಿಗೆ ಅಂದುಕೊಳ್ಳಿ. 18% ಅಂದರೆ 7,200. ಕಾಪುವಿನಲ್ಲಾದರೆ ನಿಮ್ಮ ಅಕೌಂಟೆಂಟ್ ಅದನ್ನು ಕ್ರೆಡಿಟ್ ತೆಗೆದುಕೊಳ್ಳಬಹುದು. ಬೇಕಲದ ಹೋಟೆಲಿನವರು ಕೇರಳದ ತೆರಿಗೆ ಹಾಕುತ್ತಾರೆ, ಕರ್ನಾಟಕದ ರಿಜಿಸ್ಟ್ರೇಶನ್‌ಗೆ ಅದು ಸಿಗುವುದಿಲ್ಲ. ರೂಮಿನ ಮಟ್ಟಿಗೆ ಈಗ ಈ ತಲೆಬಿಸಿ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 5% ಮಾತ್ರ. ಅದಕ್ಕಿಂತ ಮೇಲಿನ ರೂಮಾದರೆ ಹಾಲಿನ ಲೆಕ್ಕವೇ.

ನಿಮ್ಮ 42ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಂಗಳೂರು-ಉಡುಪಿ ನಡುವಿನವರೇ ಅಂದಿರಿ. ಐದು ಗಂಟೆಯ ಮೀಟಿಂಗೂ ಬೇಕು, ರಾತ್ರಿ ಎಲ್ಲರೂ ಇರಬೇಕು ಅಂದರೆ ನನ್ನ ಮತ ಬೇಕಲಕ್ಕೆ. ಮೀಟಿಂಗನ್ನು ಹಿಂದಿನ ದಿನ ಆಫೀಸಿನಲ್ಲೇ ಮುಗಿಸುವುದಾದರೆ ಕಣ್ಣುಮುಚ್ಚಿ ಮೂಡಿಗೆರೆ, ಆದರೆ ದೊಡ್ಡ ಬಸ್ ಬೇಡ, ತೋಟದ ಅಂಗಳಕ್ಕೇ ಹೋಗುವ ಎರಡು ಮಿನಿಬಸ್. ಕಾಪುವೇ ಆಗಬೇಕು ಅಂತ ಮೇಲಿನವರು ಹೇಳಿದರೆ ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಹೋಗಿ ಊಟ ಮಾಡಿ ರಾತ್ರಿ ಒಂಬತ್ತಕ್ಕೆ ವಾಪಸ್. ರೂಮಿನ ದುಡ್ಡು ಪೂರ್ತಿ ಉಳಿಯುತ್ತದೆ.

ತಾರೀಕು ಒಂದನ್ನು ದಯವಿಟ್ಟು ವಾರ ಮುಂದಕ್ಕೆ ಹಾಕಿ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಶುರು, ನಮ್ಮ ಕಡೆ ಹಿಂದೂ ಮದುವೆಗಳು ನಿಲ್ಲುತ್ತವೆ. ಕ್ರಿಶ್ಚಿಯನ್ ಮದುವೆಗಳ ಸಾಲು ಕ್ರಿಸ್‌ಮಸ್ ಆದ ಮೇಲೆ. ಮಧ್ಯದ ಆ ಒಂದು ವಾರ ಈ ಕರಾವಳಿಯ ಹಾಲ್‌ಗಳು ಖಾಲಿ ಇರುತ್ತವೆ, ರೇಟಿನಲ್ಲಿ ಚೌಕಾಸಿಗೂ ಜಾಗ ಇರುತ್ತದೆ. ಶುಕ್ರವಾರದೊಳಗೆ ಹೇಳಿದರೆ ಎರಡು ಕಡೆ ಹಾಲ್ ಹಿಡಿದಿಡುತ್ತೇನೆ, ಅಡ್ವಾನ್ಸ್ ಕೊಡದೆ ನಾಲ್ಕು ದಿನ ಇಟ್ಟುಕೊಳ್ಳುತ್ತಾರೆ.