ಮಳೆಗಾಲ ಮುಗಿದ ಮೇಲೆ ಮಾರಾಟಕ್ಕೆ ಬರುವ ಲೆನ್ಸುಗಳ ಬಗ್ಗೆ ಎಚ್ಚರಿಕೆ

ಕರಾವಳಿಯಲ್ಲಿ ಅಕ್ಟೋಬರ್ ಬಂತೆಂದರೆ ಹಳೆಯ ಕ್ಯಾಮೆರಾ, ಲೆನ್ಸುಗಳು ಸಾಲುಸಾಲಾಗಿ ಮಾರಾಟಕ್ಕೆ ಬರುತ್ತವೆ. ಮಳೆಗಾಲವಿಡೀ ಕಪಾಟಿನಲ್ಲಿ, ಬ್ಯಾಗಿನೊಳಗೆ ಕೂತಿದ್ದವು ಅವು. ಹೊರಗಿನಿಂದ ನೋಡಿದರೆ ಹೊಳೆಯುತ್ತಿರುತ್ತವೆ. ಮೂಲ್ಕಿಯಲ್ಲಿ ಅಂಥದ್ದೊಂದು ಲೆನ್ಸನ್ನು 58,000 ರೂಪಾಯಿಗೆ ನನ್ನ ತಲೆಗೆ ಕಟ್ಟಲಾಯಿತು. ಕ್ಯಾನನ್ ಇಎಫ್ 70–200, ಎಫ್/2.8.

ಲೆನ್ಸ್ ಬೇಕೆಂಬ ಲೆಕ್ಕ ಸರಿಯಾಗಿಯೇ ಇತ್ತು. ನಾನು ಹೆಚ್ಚಾಗಿ ತೆಗೆಯುವುದು ಬಯಲಾಟದ ಚಿತ್ರಗಳು. ಹಳೆಯ ಚಿತ್ರಗಳ ವಿವರ ತೆರೆದು ನೋಡಿದರೆ ಬಹುತೇಕ ಎಲ್ಲದರಲ್ಲೂ ಒಂದೇ ಕತೆ: ಅಪರ್ಚರ್ ಎಫ್/5.6, ಅಂದರೆ ನನ್ನ 55–250 ಲೆನ್ಸು ದೂರದ ತುದಿಯಲ್ಲಿ ತೆರೆಯಬಲ್ಲಷ್ಟು, ಶಟರ್ 1/250, ಐಎಸ್ಒ 6400. ಎಫ್/2.8 ಸಿಕ್ಕಿದರೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ, ಅದೇ ಚಿತ್ರ ಐಎಸ್ಒ 1600ರಲ್ಲಿ ಸಿಗುತ್ತದೆ. ಹೊಸ ಕ್ಯಾಮೆರಾ ಕೊಂಡರೂ ಅಷ್ಟು ಲಾಭವಿರಲಿಲ್ಲ. ಫ್ಲ್ಯಾಶಿನ ಮಾತೇ ಇಲ್ಲ. ಕುಣಿಯುವವರ ಕಣ್ಣಿಗೆ ಬೆಳಕು ಹೊಡೆಯುವವರನ್ನು ಯಾವ ಮೇಳದವರೂ ರಂಗಸ್ಥಳದ ಬಳಿ ಸಹಿಸುವುದಿಲ್ಲ. ನಿಮ್ಮ ಚಿತ್ರಗಳಲ್ಲಿ ಅಪರ್ಚರ್ ಇನ್ನೂ ತೆರೆಯಲು ಜಾಗವಿದ್ದು, ಫೋಕಸ್ ಮಾತ್ರ ತಪ್ಪುತ್ತಿದ್ದರೆ ಆಗ ಲೆನ್ಸಿಗೆ ಹಣ ಸುರಿಯಬೇಡಿ, ಕ್ಯಾಮೆರಾದ ಕಡೆ ನೋಡಿ.

ಮಾರುವವರು ಹೆದ್ದಾರಿ ಬದಿಯ ಹೋಟೆಲಿನ ಎದುರು ಸಿಕ್ಕಿದರು. “ಮಿರರ್‌ಲೆಸ್‌ಗೆ ಹೋಗುತ್ತಿದ್ದೇನೆ ಮಾರಾಯರೇ, ಇಲ್ಲದಿದ್ದರೆ ಇದನ್ನು ಯಾರು ಕೊಡುತ್ತಾರೆ?” ಎಂದರು. ನಡು ಮಧ್ಯಾಹ್ನ. ರಸ್ತೆಯನ್ನು, ಬಸ್ಸಿನ ಬೋರ್ಡನ್ನು ತೆಗೆದು ನೋಡಿದೆವು. ಅಕ್ಷರ ಅಕ್ಷರವೂ ಸ್ಪಷ್ಟ. ಲೆನ್ಸಿನ ಮುಂಗಾಜಿನಲ್ಲಿ ಒಂದು ಗೀರೂ ಇರಲಿಲ್ಲ.

ಬಣ್ಣ ಬಯಲಾದದ್ದು ಮೊದಲ ಆಟದ ರಾತ್ರಿ. ಬಣ್ಣದ ವೇಷ ರಂಗಕ್ಕೆ ಬಂದಾಗ ಮುಖದ ಕಡುಕಪ್ಪು ಚಿತ್ರದಲ್ಲಿ ಬೂದಿಯಾಗಿತ್ತು. ಬಿಳಿ ಚುಟ್ಟಿಯ ಅಂಚು ಕರಗಿದಂತಿತ್ತು, ಕಿರೀಟದ ಪ್ರತಿ ಮಿನುಗಿನ ಸುತ್ತ ಮಂಜಿನ ಬಳೆ. ಫೋಕಸ್ ಸರಿಯಿತ್ತು, ಕೈ ಅಲುಗಿರಲಿಲ್ಲ. ಮಂಗಳೂರಿನ ಒಬ್ಬ ರಿಪೇರಿಯವರು ಟಾರ್ಚ್ ಹಾಕಿ ತೋರಿಸಿದರು: ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂಥ ಕವಲೊಡೆದ ಎಳೆಗಳು. ಫಂಗಸ್. ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನು ತಿಂದಿತ್ತು. ಬೂಷ್ಟು ಒರೆಸಬಹುದು, ತಿಂದ ಲೇಪನ ಮರಳುವುದಿಲ್ಲ ಎಂದರು. ಲೆನ್ಸ್ ಬಿಚ್ಚಿ ಶುಚಿ ಮಾಡಲು 6,000 ರೂಪಾಯಿ, ಅದೂ ಖಾತರಿಯಿಲ್ಲದೆ.

ಹಗಲಿನಲ್ಲಿ ಏಕೆ ಕಾಣಲಿಲ್ಲ? ಫಂಗಸ್ ಚಿತ್ರದ ಮೇಲೆ ಕಲೆಯಾಗಿ ಮೂಡುವುದಿಲ್ಲ, ಬೆಳಕನ್ನು ಚದುರಿಸುತ್ತದೆ. ಸೂರ್ಯ ಬೆನ್ನ ಹಿಂದಿದ್ದಾಗ ಈ ಚದುರುವಿಕೆ ಗಮನಕ್ಕೆ ಬಾರದು. ಕತ್ತಲಿನ ನಡುವೆ ಉರಿಯುವ ದೀಪವೊಂದು ಚೌಕಟ್ಟಿನಲ್ಲಿದ್ದರೆ ಮುಚ್ಚಿಡಲಾಗದು. ಹಾಗಾಗಿ ಮಾರುವವರು ಕಳಿಸುವ ಮಾದರಿ ಚಿತ್ರಗಳು ಈ ವಿಷಯದಲ್ಲಿ ಕವಡೆ ಕಾಸಿಗೂ ಬಾರವು.

ನೋಡುವ ಕ್ರಮ ಇಷ್ಟೇ. ಕತ್ತಲಿರುವ ಕೋಣೆಗೆ ಹೋಗಿ, ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಾಯಿಸಿ, ಮುಂಬದಿಯಿಂದ ನೇರವಾಗಿ ಅಲ್ಲ, ಓರೆಯಾಗಿ ನೋಡಿ. ಜೂಮ್ ಮತ್ತು ಫೋಕಸ್ ಬಳೆಗಳನ್ನು ನಿಧಾನವಾಗಿ ತಿರುಗಿಸುತ್ತಿರಿ. ಒಳಗಿನ ಗಾಜುಗಳು ಸರಿದಾಡಿದಂತೆ ಮರೆಯಲ್ಲಿದ್ದುದು ಬೆಳಕಿಗೆ ಬರುತ್ತದೆ. ಬಿಡಿ ಚುಕ್ಕಿಗಳು ಬರೀ ಧೂಳು, ಹಳೆಯ ಲೆನ್ಸಿನಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಚೌಕಾಸಿ ಮಾಡಿ ಸಮಯ ಕಳೆಯಬೇಡಿ. ಕವಲೊಡೆದ ಎಳೆ ಅಥವಾ ಹೊಗೆಯಂಥ ಪೊರೆ ಕಂಡರೆ ನಿಲ್ಲಿಸಿ. ನಿಕಾನ್‌ನ ಹಳೆಯ ಎಫ್ ಮೌಂಟ್ ಲೆನ್ಸಾದರೆ ಕ್ಯಾಮೆರಾದಿಂದ ಕಳಚಿದಾಗ ಅಪರ್ಚರ್ ಮುಚ್ಚಿಕೊಂಡಿರಬಹುದು, ಹಿಂಬದಿಯ ಪುಟ್ಟ ಲಿವರನ್ನು ಬೆರಳಿನಿಂದ ಸರಿಸಿ ಹಿಡಿಯಬೇಕು. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಮೊದಲೇ ಬಿಚ್ಚಿದ್ದಾರೆ. ಬ್ಯಾಗನ್ನೂ ಒಮ್ಮೆ ಮೂಸಿ ನೋಡಿ. ಮುಗ್ಗಲು ವಾಸನೆ ಸುಳ್ಳು ಹೇಳುವುದಿಲ್ಲ.

ಹಣ ಮರಳಿ ಕೇಳಿದಾಗ, “ನಿಮ್ಮ ಮನೆಯಲ್ಲೇ ಹಿಡಿದಿರಬೇಕು” ಎಂಬ ಉತ್ತರ ಬಂತು. ಲೇಪನ ಸವೆಯುವಷ್ಟು ಫಂಗಸ್ ಕೆಲವು ದಿನಗಳಲ್ಲಿ ಬೆಳೆಯುವಂಥದ್ದಲ್ಲ, ಆದರೆ ಅದನ್ನು ಸಾಧಿಸಲು ನನ್ನ ಬಳಿ ಬರಹದಲ್ಲಿ ಏನೂ ಇರಲಿಲ್ಲ. ಆದ್ದರಿಂದ ಹಣ ಕಳಿಸುವ ಮೊದಲು ಲೆನ್ಸಿನ ಸೀರಿಯಲ್ ನಂಬರ್ ಸಹಿತ, “ಒಳಗೆ ಫಂಗಸ್, ಪೊರೆ ಇಲ್ಲ, ಮೂರು ದಿನದೊಳಗೆ ಕಂಡುಬಂದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ” ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆ ಮೂರು ದಿನದಲ್ಲಿ ಒಂದು ರಾತ್ರಿ ಬೀದಿದೀಪದ ಎದುರು ನಿಂತು ಚಿತ್ರ ತೆಗೆಯಿರಿ. ಅಂಚಿನಲ್ಲಿ ಮಾತ್ರ ಒಂದೆರಡು ಎಳೆ ಕಂಡು, ಲೆನ್ಸ್ ಬೇಕೇ ಬೇಕೆನಿಸಿದರೆ ಮೊದಲು ರಿಪೇರಿಯವರಿಂದ ದರ ಕೇಳಿ, ಅದನ್ನು ಕಳೆದುಳಿದ ಬೆಲೆಗಿಂತಲೂ ಕೆಳಗೆ ಕೇಳಿ.