ಹೊಸ ತಲೆಮಾರಿನ ಕಾರನ್ನು ಮೊದಲ ವರ್ಷವೇ ಬುಕ್ ಮಾಡುವ ಮುಂಚೆ ಇದನ್ನು ಓದಿ

ಹೆಸರು ಹಳೆಯದೇ, ಆದರೆ ಒಳಗೆ ಎಲ್ಲವೂ ಹೊಸದು. ಕಾರಿನ ಅಡಿಪಾಯವಾದ ಪ್ಲಾಟ್‌ಫಾರ್ಮ್ ಹೊಸದು, ವೈರಿಂಗ್ ಹೊಸದು, ಸ್ಕ್ರೀನ್ ಹೊಸದು, ಸಾಫ್ಟ್‌ವೇರ್ ಹೊಸದು. ನಾನು ತೆಗೆದುಕೊಂಡದ್ದು ಇಂಥ ಕಾರು, ಅದೂ ಮಾರಾಟ ಶುರುವಾದ ಮೊದಲ ತಿಂಗಳುಗಳಲ್ಲಿ. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥ ತೊಂದರೆ ಯಾವ ಕಂಪನಿಯ ಕಾರಿಗೂ ಬರಬಹುದು.

ತೊಂದರೆ ಇಷ್ಟೇ. ಎರಡು ಮೂರು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಕೆಲವು ಸಲ ಬಾಗಿಲೂ ರಿಮೋಟ್‌ಗೆ ತೆಗೆಯುತ್ತಿರಲಿಲ್ಲ, ರಿಮೋಟ್ ಒಳಗಿನ ಲೋಹದ ಕೀ ಹಾಕಿ ತೆಗೆಯಬೇಕಿತ್ತು. ಬೇರೆ ಕಾರಿನ ಬ್ಯಾಟರಿಗೆ ಕೇಬಲ್ ಹಾಕಿ ಜಂಪ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಸರ್ವಿಸ್ ಸೆಂಟರ್‌ಗೆ ಬಿಟ್ಟರೆ ಅಲ್ಲಿ ರಾತ್ರಿಯಿಡೀ ನಿಂತು ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಸ್ಕ್ಯಾನರ್ ಹಾಕಿದರೆ ಒಂದು ಫಾಲ್ಟ್ ಕೋಡ್ ಕೂಡ ಇಲ್ಲ. "ಬ್ಯಾಟರಿ ವೀಕ್ ಇರಬೇಕು ಸರ್" ಅಂತ ಹೊಸದು ಹಾಕಿ ಕಳಿಸಿದರು. ಆ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಕೈಕೊಟ್ಟಿತು.

ಏನಾಗುತ್ತಿತ್ತು ಅಂತ ಅರ್ಥವಾಗಲು ಸ್ವಲ್ಪ ಲೆಕ್ಕ ನೋಡಿ. ಈಗಿನ ಕಾರುಗಳಲ್ಲಿ ಹತ್ತಾರು ಸಣ್ಣ ಕಂಪ್ಯೂಟರ್‌ಗಳಿರುತ್ತವೆ. ಬಾಗಿಲಿಗೊಂದು, ಬ್ರೇಕ್‌ಗೊಂದು, ಸ್ಕ್ರೀನ್‌ಗೊಂದು. ಕಾರು ಲಾಕ್ ಮಾಡಿದ ಮೇಲೆ ಇವೆಲ್ಲ ಒಂದೊಂದಾಗಿ ಮಲಗಬೇಕು. ಎಲ್ಲವೂ ಮಲಗಿದಾಗ ಕಾರು ಎಳೆಯುವ ಕರೆಂಟ್ ಸುಮಾರು 30 ಮಿಲಿಆಂಪ್ ಆಸುಪಾಸು. ಬ್ಯಾಟರಿ 60 ಆಂಪಿಯರ್-ಅವರ್‌ದು ಅಂದುಕೊಳ್ಳಿ. ಆಗ ದಿನಕ್ಕೆ ಒಂದು ಆಂಪಿಯರ್-ಅವರ್ ಕೂಡ ಖರ್ಚಾಗುವುದಿಲ್ಲ, ಕಾರು ವಾರಗಟ್ಟಲೆ ನಿಂತರೂ ತೊಂದರೆ ಇಲ್ಲ. ಒಂದು ಕಂಪ್ಯೂಟರ್ ಮಲಗದೆ, ಅದರ ಜೊತೆಗಿರುವ ಇನ್ನು ನಾಲ್ಕನ್ನೂ ಎಬ್ಬಿಸಿ ಕೂರಿಸಿದರೆ 600 ಮಿಲಿಆಂಪ್ ಎಳೆಯುವುದು ದೊಡ್ಡ ವಿಷಯವಲ್ಲ. ಆಗ ದಿನಕ್ಕೆ 14 ಆಂಪಿಯರ್-ಅವರ್‌ಗಿಂತ ಸ್ವಲ್ಪ ಜಾಸ್ತಿ, ಮೂರು ದಿನಕ್ಕೆ 43. ಉಳಿದದ್ದರಲ್ಲಿ ಇಂಜಿನ್ ತಿರುಗುವುದು ಕಷ್ಟ. ಹೀಗೆ ಮತ್ತೆ ಮತ್ತೆ ಪೂರ್ತಿ ಖಾಲಿಯಾದರೆ ಲೆಡ್-ಆಸಿಡ್ ಬ್ಯಾಟರಿ ಒಳಗಿನಿಂದಲೇ ಹಾಳಾಗುತ್ತದೆ. ಹೊಸ ಬ್ಯಾಟರಿ ಸತ್ತಿದ್ದು ಅದಕ್ಕೇ. ಬ್ಯಾಟರಿ ಬದಲಿಸಿದರೂ ರೋಗ ಹಾಗೇ ಉಳಿಯಿತು.

ಕೊನೆಗೆ ಕಾರಣ ಹುಡುಕಿದ್ದು ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಕಾರನ್ನು ನಾನು ನಿಲ್ಲಿಸುವ ನೆಲಮಾಳಿಗೆಗೇ ಬಂದು ನೋಡಿದರು. ಬಾನೆಟ್ ತೆರೆದಿಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕಾರು ಲಾಕ್ ಮಾಡಿ, ಕೀಯನ್ನು ದೂರ ಕಳಿಸಿದರು. ಹತ್ತಿರ ಕೀ ಇದ್ದರೂ ಕೆಲವು ಕಾರುಗಳು ಎಚ್ಚರವಾಗುತ್ತವಂತೆ. ಮುಕ್ಕಾಲು ಗಂಟೆ ಕಾದು, ಬ್ಯಾಟರಿಯ ನೆಗೆಟಿವ್ ಕೇಬಲ್‌ಗೆ ಕ್ಲಾಂಪ್ ಮೀಟರ್ ಹಾಕಿದರು. ಕರೆಂಟ್ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಫ್ಯೂಸ್ ಕೀಳಲಿಲ್ಲ. ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದುಬಿಡುತ್ತದೆ, ಸುಳ್ಳು ಲೆಕ್ಕ ಸಿಗುತ್ತದೆ. ಬದಲಿಗೆ ಒಂದೊಂದು ಫ್ಯೂಸ್‌ನ ತಲೆಯ ಮೇಲಿನ ಎರಡು ಚುಕ್ಕಿಗಳಿಗೆ ಮೀಟರ್ ಮುಟ್ಟಿಸಿ ಮಿಲಿವೋಲ್ಟ್ ನೋಡುತ್ತಾ ಹೋದರು. ಕರೆಂಟ್ ಹರಿಯುವ ಫ್ಯೂಸ್‌ನಲ್ಲಿ ಮಾತ್ರ ಸಣ್ಣ ಅಂಕಿ ಕಾಣುತ್ತದೆ. ಸಿಕ್ಕಿದ್ದು ಮೊಬೈಲ್ ಆ್ಯಪ್‌ಗೆ ಕಾರಿನ ಮಾಹಿತಿ ಕಳಿಸುವ ಸಿಮ್ ಘಟಕದ ಫ್ಯೂಸ್. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇದ್ದೂ ಇಲ್ಲದ ಹಾಗೆ. ಅದು ಬಿಡದೆ ಸಿಗ್ನಲ್ ಹುಡುಕುತ್ತಿತ್ತು, ಉಳಿದವನ್ನೂ ಮಲಗಲು ಬಿಡುತ್ತಿರಲಿಲ್ಲ. ಸರ್ವಿಸ್ ಸೆಂಟರ್‌ನ ಅಂಗಳದಲ್ಲಿ ಸಿಗ್ನಲ್ ಚೆನ್ನಾಗಿತ್ತು, ಹಾಗಾಗಿ ಅಲ್ಲಿ ಯಾವತ್ತೂ ಕಾಣಲಿಲ್ಲ. ಯಾವ ಘಟಕವೂ ಕೆಟ್ಟಿರಲಿಲ್ಲ, ಹಾಗಾಗಿ ಕೋಡೂ ಇಲ್ಲ.

ಕಂಪನಿಯವರು ಟೆಸ್ಟ್ ಮಾಡಿರಲಿಲ್ಲವಾ? ಖಂಡಿತ ಮಾಡಿರುತ್ತಾರೆ. ಸುಡು ಬಿಸಿಲು, ಹಿಮ, ಕೆಟ್ಟ ರಸ್ತೆ ಎಲ್ಲ ನೋಡಿರುತ್ತಾರೆ. ಆದರೆ ಟೆಸ್ಟ್ ಕಾರುಗಳು ದಿನವಿಡೀ ಓಡುತ್ತಿರುತ್ತವೆ. ಅರೆಬರೆ ಸಿಗ್ನಲ್‌ನಲ್ಲಿ ಮೂರು ದಿನ ಸುಮ್ನೆ ನಿಲ್ಲುವ ಕಾರು ಅಲ್ಲಿ ಅಪರೂಪ. ಸಾವಿರಾರು ಜನ ಸಾವಿರಾರು ರೀತಿ ಬಳಸಿದಾಗ ಮಾತ್ರ ಇಂಥವು ಹೊರಬರುತ್ತವೆ. ಆ ದೂರುಗಳು ಕಂಪನಿಗೆ ಸೇರಿ, ಇಂಜಿನಿಯರ್‌ಗಳು ಕಾರಣ ಹುಡುಕಿ, ಸರ್ವಿಸ್ ಸೆಂಟರ್‌ಗಳಿಗೆ ಸೂಚನೆ ಹೋಗಲು ತಿಂಗಳುಗಳು ಬೇಕು. ಮೊದಲು ಕೊಂಡವರ ದೂರಿನಿಂದಲೇ ಆ ಸೂಚನೆ ಹುಟ್ಟುತ್ತದೆ. ನನಗೂ ಕೊನೆಗೆ ಬಂದದ್ದು ಸಾಫ್ಟ್‌ವೇರ್ ಅಪ್‌ಡೇಟ್. ಸಿಗ್ನಲ್ ಸಿಗದಿದ್ದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗು ಅನ್ನುವ ಬದಲಾವಣೆ. ಆಮೇಲೆ ತಯಾರಾದ ಕಾರುಗಳಿಗೆ ಅದು ಕಾರ್ಖಾನೆಯಲ್ಲೇ ಬಂತು. ಅವನ್ನು ಕೊಂಡವರಿಗೆ ಈ ಕಷ್ಟ ಇದ್ದದ್ದೂ ಗೊತ್ತಿಲ್ಲ.

ನನ್ನದು ಬರೀ ಕಿರಿಕಿರಿ, ಪ್ರಾಣಕ್ಕೆ ಅಪಾಯ ಇರಲಿಲ್ಲ. ಎಲ್ಲ ಸಲವೂ ಹಾಗಿರುವುದಿಲ್ಲ. ಬಾಳಿಕೆಗೆ ಹೆಸರಾದ ಟೊಯೋಟಾ 2022ರಲ್ಲಿ ಬಿಝಡ್4ಎಕ್ಸ್ ಅನ್ನುವ ಹೊಚ್ಚ ಹೊಸ ಎಲೆಕ್ಟ್ರಿಕ್ ಕಾರು ತಂದಿತು. ಮಾರಾಟ ಶುರುವಾಗಿ ಸ್ವಲ್ಪವೇ ಸಮಯದಲ್ಲಿ, ಜೂನ್ ತಿಂಗಳಲ್ಲಿ, ಚಕ್ರದ ಹಬ್ ಬೋಲ್ಟ್‌ಗಳು ಸಡಿಲವಾಗಿ ಚಕ್ರವೇ ಕಳಚಬಹುದು ಅಂತ ಸುಮಾರು 2,700 ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ದಶಕಗಳಿಂದ ಕಾರು ಮಾಡುವವರಿಗೆ ಬೋಲ್ಟ್ ವಿಷಯದಲ್ಲೇ ಹೀಗಾಯಿತು. ಕಂಪನಿಯ ಹೆಸರು ನೋಡಿ ಮೊದಲ ವರ್ಷದ ಕಾರನ್ನು ಕಣ್ಣುಮುಚ್ಚಿ ನಂಬಬೇಡಿ ಅನ್ನಲು ನನಗೆ ಇದೇ ಸಾಕು.

ಹಾಗಂತ ಎಲ್ಲ ಹೊಸ ಮಾಡೆಲ್‌ಗೂ ಕಾಯಬೇಕಿಲ್ಲ. ಎಷ್ಟು ಹೊಸದು ಅಂತ ಮೊದಲು ನೋಡಿ. ಫೇಸ್‌ಲಿಫ್ಟ್ ಅಂದರೆ ಬಂಪರ್, ದೀಪ, ಸೀಟ್ ಬಟ್ಟೆ ಬದಲಾಗಿರುತ್ತದೆ, ಅದಕ್ಕೆ ಹೆದರಬೇಡಿ. ಬಾಡಿ ಹೊಸದಾದರೂ ಇಂಜಿನ್, ಗೇರ್‌ಬಾಕ್ಸ್ ಅದೇ ಕಂಪನಿಯ ಬೇರೆ ಕಾರಲ್ಲಿ ಕೆಲವು ವರ್ಷ ಓಡಿದ್ದರೆ ಅರ್ಧ ಭಯ ಕಡಿಮೆ. ಪ್ಲಾಟ್‌ಫಾರ್ಮ್, ಇಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ನಾಲ್ಕೂ ಒಟ್ಟಿಗೆ ಹೊಸದಾಗಿದ್ದರೆ ದಯವಿಟ್ಟು ಒಂದು ವರ್ಷ ಕಾಯಿರಿ. ಮನೆಯಲ್ಲಿ ಇರುವುದೇ ಒಂದು ಕಾರು, ಅದರಲ್ಲೇ ಕೆಲಸಕ್ಕೆ ಹೋಗಬೇಕು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಅನ್ನುವವರಂತೂ ಕಾಯಲೇಬೇಕು. ಹೊಸ ಮಾಡೆಲ್‌ನ ಬಿಡಿಭಾಗ ಸಿಗುವುದೂ ನಿಧಾನ, ಕಾರು ವಾರಗಟ್ಟಲೆ ವರ್ಕ್‌ಶಾಪ್‌ನಲ್ಲಿ ನಿಲ್ಲಬಹುದು.

ಒಂದು ವರ್ಷ ಯಾಕೆ ಅಂದರೆ, ಆ ಹೊತ್ತಿಗೆ ಕಾರು ಬೇಸಿಗೆ, ಮಳೆ, ಚಳಿ ಮೂರನ್ನೂ ಕಂಡಿರುತ್ತದೆ. ನೀರು ಸೋರುವುದು, ಎಸಿ ತೊಂದರೆ, ಸಾಫ್ಟ್‌ವೇರ್ ಕಾಟ ಇವೆಲ್ಲ ಅಷ್ಟರಲ್ಲಿ ಬಯಲಾಗುತ್ತವೆ. ಇದಕ್ಕೂ ಮಿತಿಯಿದೆ. ಟೈಮಿಂಗ್ ಚೈನ್ ಸಡಿಲವಾಗುವುದು, ಇಂಜಿನ್ ಆಯಿಲ್ ಕುಡಿಯುವುದು ಇಂಥ ಸವೆತದ ರೋಗಗಳು ಸಾಮಾನ್ಯವಾಗಿ ವರ್ಷದೊಳಗೆ ಕಾಣುವುದಿಲ್ಲ. ಪೂರ್ತಿ ಹೊಸ ಇಂಜಿನ್ ಆದರೆ ಇನ್ನೂ ಜಾಸ್ತಿ ಕಾಯಬೇಕಾದೀತು. ಇನ್ನೊಂದು ಕಡೆ, ಈಗಿರುವ ಕಾರಿಗೆ ಏರ್‌ಬ್ಯಾಗ್ ಇಲ್ಲ, ಬ್ರೇಕ್ ನಂಬುವ ಹಾಗಿಲ್ಲ ಅಂದರೆ ಕಾಯುತ್ತಾ ಕೂರುವುದು ಸರಿಯಲ್ಲ. ಅಂಥವರು ವರ್ಷಗಳಿಂದ ಮಾರಾಟದಲ್ಲಿರುವ ಬೇರೆ ಒಳ್ಳೆಯ ಮಾಡೆಲ್ ತೆಗೆದುಕೊಳ್ಳಲಿ.

ಇಷ್ಟಾದರೂ ಅದೇ ಬೇಕು ಅನ್ನುವವರು ಡೆಲಿವರಿಗೆ ಮುಂಚೆ ಕಾರಿನ ತಯಾರಿಕೆ ತಿಂಗಳು ನೋಡಿ, ಮೊದಲ ತಿಂಗಳ ಕಾರು ತಂದಿಟ್ಟಿದ್ದರೆ ಆಮೇಲಿನದ್ದು ಕೇಳಿ. ಚಾಸಿಸ್ ನಂಬರ್ ಕೊಟ್ಟು ರಿಕಾಲ್ ಬಾಕಿ ಇದೆಯಾ ಅಂತ ವಿಚಾರಿಸಿ. ತೊಂದರೆ ಬಂದರೆ ಬಾಯಲ್ಲಿ ಹೇಳಿ ಬರಬೇಡಿ. ಎಷ್ಟು ದಿನ ನಿಂತಿತ್ತು, ಎಲ್ಲಿ ನಿಂತಿತ್ತು, ಏನಾಯಿತು ಅಂತ ಪ್ರತಿ ಸಲವೂ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಅದೇ ತೊಂದರೆ ಮರುಕಳಿಸಿದರೆ, ಇದು ಮೊದಲೇ ಇತ್ತು ಅಂತ ತೋರಿಸಲು ನಿಮ್ಮ ಕೈಯಲ್ಲಿರುವುದು ಆ ಕಾಗದ.